ಪಕ್ಕದ ಅಂಗಡಿಯಿಂದ ಬಂದ ಬೆಂಕಿ

ಪೇಟೆಯಲ್ಲಿ ಅಂಗಡಿ ಸುಟ್ಟ ಮಾರನೆಯ ದಿನ ಎಲ್ಲರೂ ಕೇಳುವುದು ಒಂದೇ: ಬೆಂಕಿ ಹೇಗೆ ಹತ್ತಿತಂತೆ? ಉತ್ತರವೂ ಬಹುಪಾಲು ಸಿದ್ಧವಾಗಿಯೇ ಇರುತ್ತದೆ. ಶಾರ್ಟ್ ಸರ್ಕ್ಯೂಟ್ ಅಂತೆ. ಆ ಮಾತು ಒಮ್ಮೆ ಬಿದ್ದರೆ ಮುಗಿಯಿತು. ಪಕ್ಕದಲ್ಲಿ ಸುಟ್ಟುಹೋದ ಅಂಗಡಿಯವರು ಕರೆಂಟಿನ ಮೇಲೆ ಯಾರು ಕೇಸು ಹಾಕುತ್ತಾರೆ ಎಂದು ಸುಮ್ಮನಾಗುತ್ತಾರೆ. ಬೆಂಕಿ ಹುಟ್ಟಿದ ಅಂಗಡಿಯವರಿಗೆ ಬೇಕಾದದ್ದೂ ಅದೇ.

ನ್ಯಾಯಾಲಯದಲ್ಲಿ ಮಾತ್ರ ಈ ಪ್ರಶ್ನೆ ಅಲ್ಲಿಗೆ ನಿಲ್ಲುವುದಿಲ್ಲ. ಕಿಡಿ ಎಲ್ಲಿಂದ ಬಂತು ಎನ್ನುವುದು ಒಂದು ಸಂಗತಿ. ಆ ಕಿಡಿಗೆ ಸಿಕ್ಕಿದ್ದೇನು, ಅದನ್ನು ಅಲ್ಲಿ ಯಾರು, ಎಷ್ಟು, ಹೇಗೆ ಇಟ್ಟಿದ್ದರು, ಬೆಂಕಿ ಗೋಡೆ ದಾಟಿದ್ದು ಯಾಕೆ ಎನ್ನುವುದು ಬೇರೆಯೇ ಸಂಗತಿ. ನೆರೆಯವರ ನಷ್ಟಕ್ಕೆ ಯಾರು ಹೊಣೆ ಎಂಬುದು ಹೆಚ್ಚಾಗಿ ಈ ಎರಡನೆಯದರ ಮೇಲೆ ನಿರ್ಧಾರವಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಆಸ್ಟ್ರೇಲಿಯಾದ ಒಂದು ಮೊಕದ್ದಮೆ. 1961ರ ಫೆಬ್ರವರಿ ಕೊನೆಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ರೈತನೊಬ್ಬನ ಜಮೀನಿನಲ್ಲಿ ಎತ್ತರದ ಮರಕ್ಕೆ ಸಿಡಿಲು ಬಡಿದು ಬೆಂಕಿ ಹೊತ್ತಿತು. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಅವನು ಜನ ಕರೆಸಿ ಮರ ಕಡಿಸಿ ಕೆಡವಿದ, ಸುತ್ತಲಿನ ಜಾಗವನ್ನೂ ಸ್ವಚ್ಛ ಮಾಡಿಸಿದ. ಆಮೇಲೆ ನೀರು ಹಾಕಿ ಆರಿಸುವ ಬದಲು ತಾನಾಗಿಯೇ ಉರಿದು ಹೋಗಲಿ ಎಂದು ಬಿಟ್ಟ. ಎರಡು ಮೂರು ದಿನದಲ್ಲಿ ಗಾಳಿ ಎದ್ದಿತು, ಬಿಸಿಲು ಏರಿತು, ಬೆಂಕಿ ಪಕ್ಕದ ಜಮೀನುಗಳಿಗೆ ದಾಟಿತು. ಲಂಡನ್ನಿನ ಪ್ರಿವಿ ಕೌನ್ಸಿಲ್ 1966ರಲ್ಲಿ ಅವನನ್ನೇ ಹೊಣೆ ಮಾಡಿತು. ಸಿಡಿಲಿಗೆ ಅವನು ಹೊಣೆಯಲ್ಲ ನಿಜ. ತನ್ನ ಜಾಗದಲ್ಲಿ ಬೆಂಕಿಯಿದೆ ಎಂದು ಗೊತ್ತಿದ್ದೂ, ಆರಿಸುವುದು ಕೈಯಲ್ಲಿದ್ದೂ ಆರಿಸದೆ ಬಿಟ್ಟದ್ದಕ್ಕೆ ಹೊಣೆ. ಕಿಡಿ ದೇವರದ್ದೇ ಆದರೂ ಹರಡಿದ್ದು ಮನುಷ್ಯನ ಲೆಕ್ಕಕ್ಕೆ ಬಂತು.

ನೆರೆಯವರನ್ನು ಹೊಣೆ ಮಾಡಲು ನಮ್ಮ ಕಾನೂನಿನಲ್ಲಿ ಎರಡು ದಾರಿಗಳಿವೆ. ಒಂದು ನಿರ್ಲಕ್ಷ್ಯ. ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಳ್ಳಲಿಲ್ಲ, ಅದರಿಂದ ನನಗೆ ನಷ್ಟವಾಯಿತು ಎಂದು ವಾದಿ ತೋರಿಸಬೇಕು. ಇನ್ನೊಂದು, ತಪ್ಪು ತೋರಿಸುವ ಅಗತ್ಯವೇ ಇಲ್ಲದ ಹೊಣೆ. ಇದರ ಬೇರು 1860ರ ಇಂಗ್ಲೆಂಡಿನಲ್ಲಿದೆ. ಲ್ಯಾಂಕಶೈರಿನ ಗಿರಣಿ ಮಾಲೀಕನೊಬ್ಬ ಗುತ್ತಿಗೆದಾರರಿಂದ ಕೆರೆ ಕಟ್ಟಿಸಿದ. ಕೆರೆಯ ತಳದಲ್ಲಿ ಹಳೆಯ ಗಣಿಯ ಬಾವಿಗಳಿದ್ದವು, ಗುತ್ತಿಗೆದಾರರು ಅವನ್ನು ಸರಿಯಾಗಿ ಮುಚ್ಚಿರಲಿಲ್ಲ. ನೀರು ಅವುಗಳ ಮೂಲಕ ಇಳಿದು ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತು. ಗಿರಣಿ ಮಾಲೀಕನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಆದರೂ 1868ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಅವನೇ ನಷ್ಟ ಕಟ್ಟಿಕೊಡಬೇಕೆಂದಿತು. ತಪ್ಪಿಸಿಕೊಂಡು ಹೋದರೆ ಕೇಡು ಮಾಡುವಂಥ ವಸ್ತುವನ್ನು ತನ್ನ ಜಾಗಕ್ಕೆ ತಂದಿಟ್ಟುಕೊಂಡವನು, ಅದು ತಪ್ಪಿಸಿಕೊಂಡರೆ ಆದ ನಷ್ಟಕ್ಕೆ ಉತ್ತರ ಹೇಳಬೇಕು ಎಂಬುದು ಆ ತೀರ್ಪಿನ ಸಾರ. ಕಾನೂನು ಕಾಲೇಜಿನ ಹುಡುಗರೆಲ್ಲ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಎಂದು ಬಾಯಿಪಾಠ ಮಾಡುವುದು ಇದನ್ನೇ.

ಹಾಗಾದರೆ ಪಕ್ಕದವರು ಗೋದಾಮಿನಲ್ಲಿ ಇಟ್ಟ ಯಾವ ಸರಕಿಗೆ ಬೆಂಕಿ ಬಿದ್ದರೂ ಈ ನಿಯಮ ಅನ್ವಯಿಸುತ್ತದೆಯೇ? ಇಲ್ಲ. ಎಷ್ಟೋ ದಾವೆಗಳು ಎಡವುವುದು ಇಲ್ಲಿಯೇ. ಇಂಗ್ಲೆಂಡಿನ ಹೆರೆಫರ್ಡ್‌ನಲ್ಲಿ ಒಂದು ಟೈರ್ ಅಂಗಡಿ ಇತ್ತು. ಸಣ್ಣ ಜಾಗದಲ್ಲಿ ಸುಮಾರು 3,000 ಟೈರುಗಳನ್ನು ಪೇರಿಸಿಟ್ಟಿದ್ದರು. 2008ರಲ್ಲಿ ವಿದ್ಯುತ್ ದೋಷದಿಂದ ಹತ್ತಿದ ಬೆಂಕಿ ಟೈರುಗಳಿಗೆ ತಗುಲಿ, ಭೀಕರವಾಗಿ ಉರಿದು, ಪಕ್ಕದವರ ಕಟ್ಟಡವನ್ನೂ ನುಂಗಿತು. ಕೆಳಗಿನ ನ್ಯಾಯಾಧೀಶರು ನಿರ್ಲಕ್ಷ್ಯ ಸಾಬೀತಾಗಿಲ್ಲವೆಂದರೂ, ಅಷ್ಟು ಟೈರು ತುಂಬಿದ್ದೇ ಅಪಾಯಕರ ಬಳಕೆಯೆಂದು ಕೆರೆಯ ನಿಯಮ ಹಚ್ಚಿ ಪರಿಹಾರ ಕೊಡಿಸಿದರು. ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಅದನ್ನು ತಿರುವಿ ಹಾಕಿತು. ಟೈರು ಸುಲಭವಾಗಿ ಹೊತ್ತಿಕೊಳ್ಳುವ ವಸ್ತುವಲ್ಲ, ಹೊತ್ತಿಕೊಂಡ ಮೇಲೆ ಆರಿಸುವುದು ಕಷ್ಟ ಅಷ್ಟೆ; ಜೊತೆಗೆ ಅಂಗಡಿಯಿಂದ ತಪ್ಪಿಸಿಕೊಂಡು ಹೋದದ್ದು ಬೆಂಕಿಯೇ ಹೊರತು ಅವನು ತಂದಿಟ್ಟ ಟೈರುಗಳಲ್ಲ ಎಂದಿತು. ಆ ಎರಡನೆಯ ಕಾರಣ ನನಗೆ ಕೂದಲು ಸೀಳಿದಂತೆ ಕಾಣುತ್ತದೆ. ಆದರೆ ಮೊದಲನೆಯದರಲ್ಲಿ ಹುರುಳಿದೆ. ಬಟ್ಟೆ, ಕಾಗದ, ಹತ್ತಿ, ಪ್ಲಾಸ್ಟಿಕ್ ಬಕೆಟ್ಟು, ಥರ್ಮಾಕೋಲ್ ಎಲ್ಲವೂ ಉರಿಯುತ್ತವೆ. ಉರಿಯುವ ಸರಕು ಇಟ್ಟವರೆಲ್ಲ ತಪ್ಪಿಲ್ಲದೆಯೂ ಹೊಣೆ ಎಂದುಬಿಟ್ಟರೆ ಪೇಟೆಬೀದಿಯಲ್ಲಿ ಪಾತ್ರೆ ಅಂಗಡಿ ಬಿಟ್ಟರೆ ಬೇರೆ ವ್ಯಾಪಾರ ಉಳಿಯುವುದಿಲ್ಲ. ಇಂಥ ಸಾಮಾನ್ಯ ಸರಕಿನ ಬೆಂಕಿಗೆ ನಿರ್ಲಕ್ಷ್ಯ ತೋರಿಸಲೇಬೇಕು.

ಪಟಾಕಿಯ ಮಾತೇ ಬೇರೆ. ಹತ್ತಿ ಉರಿಯಲು ಹೊರಗಿನ ಗಾಳಿ ಬೇಕು. ಪಟಾಕಿಯ ಮದ್ದಿನಲ್ಲಿ ಇಂಧನವೂ ಅದನ್ನು ಉರಿಸುವ ಆಮ್ಲಜನಕದ ಮೂಲವೂ ಒಟ್ಟಿಗೇ ಬೆರೆತಿರುತ್ತವೆ. ಹಾಗಾಗಿ ಮುಚ್ಚಿದ ಕೋಣೆಯಲ್ಲೂ ಅದು ಉರಿಯುತ್ತದೆ, ಉಸಿರು ಕಟ್ಟಿಸಿ ಆರಿಸಲು ಬರುವುದಿಲ್ಲ. ಜೊತೆಗೆ ಅದು ನಿಂತಲ್ಲಿ ನಿಲ್ಲುವುದಿಲ್ಲ. ರಾಕೆಟ್ಟು ಹಾರುತ್ತದೆ, ಭೂಚಕ್ರ ಓಡುತ್ತದೆ, ಸರಪಟಾಕಿ ಸಿಡಿದು ಕೆಂಡದ ಚೂರುಗಳನ್ನು ಎರಚುತ್ತದೆ. ಟೈರು ಪ್ರಕರಣದ ವಾದ ಇಲ್ಲಿ ನಿಲ್ಲದು. ಪಟಾಕಿ ಅಂಗಡಿಯಿಂದ ಪಕ್ಕಕ್ಕೆ ಹೋಗುವುದು ಬೆಂಕಿಯೊಂದೇ ಅಲ್ಲ, ಸರಕೂ ಹೋಗುತ್ತದೆ.

ನಮ್ಮ ನ್ಯಾಯಾಲಯಗಳೂ ಇದನ್ನು ಹೀಗೆಯೇ ನೋಡಿವೆ. 1968ರ ಕಾನೂನು ವರದಿಗಳಲ್ಲಿ ಕೇರಳ ಹೈಕೋರ್ಟಿನ ಒಂದು ತೀರ್ಪಿದೆ. ದೇವಸ್ಥಾನದ ಉತ್ಸವದಲ್ಲಿ ಸಿಡಿಮದ್ದು ಪ್ರದರ್ಶನ ನಡೆದಿತ್ತು. ತೆಂಗಿನ ಚಿಪ್ಪಿಗೆ ಮದ್ದು ತುಂಬಿದ ಒಂದು ಸಿಡಿ ಮೇಲಕ್ಕೆ ಹೋಗಿ ಆಕಾಶದಲ್ಲಿ ಸಿಡಿಯುವ ಬದಲು ಓರೆಯಾಗಿ ಹಾರಿ ಜನರ ನಡುವೆ ಬಿದ್ದು ಸಿಡಿಯಿತು. ಗಾಯಗೊಂಡವರು ದಾವೆ ಹೂಡಿದಾಗ, ಮದ್ದು ಸುಡಲು ಬೇರೊಬ್ಬ ಗುತ್ತಿಗೆದಾರನನ್ನು ಗೊತ್ತು ಮಾಡಿದ್ದೆವು, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಏರ್ಪಡಿಸಿದವರು ಹೇಳಿದರು. ಹೈಕೋರ್ಟ್ ಒಪ್ಪಲಿಲ್ಲ. ಜನ ತುಂಬಿದ ಮೈದಾನದಲ್ಲಿ ಸ್ಫೋಟಕ ಬಳಸುವುದೇ ವಿಶೇಷ ಅಪಾಯದ ಕೆಲಸ. ಅದನ್ನು ಮಾಡಿಸುವವರು ಗುತ್ತಿಗೆ ಕೊಟ್ಟು ಹೊಣೆ ಕಳೆದುಕೊಳ್ಳಲಾಗದು ಎಂದಿತು. ಜಾತ್ರೆ ಸಮಿತಿಗಳು, ಗಣೇಶೋತ್ಸವದ ಸಂಘಗಳು, ಮದುವೆ ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು.

ಮುಂದೆ 1985ರ ಡಿಸೆಂಬರಿನಲ್ಲಿ ದಿಲ್ಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಮ್ ಅನಿಲ ಸೋರಿತು. ಆ ಪ್ರಕರಣದಲ್ಲಿ ಮರುವರ್ಷ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಸುಪ್ರೀಂ ಕೋರ್ಟ್ ಪೀಠ ಹಳೆಯ ಇಂಗ್ಲಿಷ್ ನಿಯಮವನ್ನೂ ದಾಟಿತು. ಇಂಗ್ಲಿಷ್ ನಿಯಮದಲ್ಲಿ ದೈವಕೃತ್ಯ, ಹೊರಗಿನವನ ಕೃತ್ಯ ಮುಂತಾದ ಬಚಾವಿನ ದಾರಿಗಳಿವೆ. ಸಹಜವಾಗಿಯೇ ಅಪಾಯಕರವಾದ ಉದ್ಯಮ ನಡೆಸಿ ಲಾಭ ಮಾಡುವವರಿಗೆ ಆ ದಾರಿಗಳಿಲ್ಲ, ಅವರ ಹೊಣೆ ಸಂಪೂರ್ಣ ಎಂದು ನಮ್ಮ ಕೋರ್ಟ್ ಹೇಳಿತು. ದೀಪಾವಳಿಗೆ ನಾಲ್ಕು ದಿನ ಪಟಾಕಿ ಮಾರುವ ಸಣ್ಣ ಅಂಗಡಿ ಈ ಸಾಲಿಗೆ ಸೇರುತ್ತದೆಯೇ ಎಂದು ವಕೀಲರು ವಾದ ಮಾಡಬಹುದು. ಟನ್ನುಗಟ್ಟಲೆ ಮದ್ದು ತುಂಬಿದ ಗೋದಾಮಿನ ವಿಷಯದಲ್ಲಿ ಹಾಗೆ ವಾದಿಸುವುದು ಕಷ್ಟ.

ಅತ್ತಿಬೆಲೆ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರ ಅಕ್ಟೋಬರ್ 7, ಶನಿವಾರ ಮಧ್ಯಾಹ್ನ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಪಕ್ಕ, ತಮಿಳುನಾಡಿನ ಗಡಿಗೆ ಅಂಟಿಕೊಂಡಂತಿದ್ದ ಪಟಾಕಿ ಮಳಿಗೆಗೆ ಲಾರಿಯಿಂದ ಸರಕು ಇಳಿಸುತ್ತಿದ್ದಾಗ ಬೆಂಕಿ ಹತ್ತಿತು. ಅಂದೇ 14 ಜನ ಸತ್ತರು. ಹೆಚ್ಚಿನವರು ಹಬ್ಬದ ದಿನಗಳ ಕೂಲಿಗೆಂದು ತಮಿಳುನಾಡಿನಿಂದ ಬಂದ ಹುಡುಗರು. ಸತ್ತವರ ಕುಟುಂಬಗಳಿಗೆ ಸರ್ಕಾರ ಪರಿಹಾರ ಘೋಷಿಸಿತು. ಇಂಥ ಪರಿಹಾರವನ್ನೂ ಕಾನೂನಿನ ಹೊಣೆಯನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಸರ್ಕಾರ ಕೊಡುವುದು ಮಾನವೀಯತೆಯಿಂದ. ಬೆಂಕಿಗೆ ಹೊಣೆಯಾದವರು ಕೊಡಬೇಕಾದದ್ದು ಹಕ್ಕಿನಿಂದ ಬರುವ ಹಣ. ಮೊದಲನೆಯದು ಬಂತೆಂದು ಎರಡನೆಯದು ಕಳೆದುಹೋಗುವುದಿಲ್ಲ. ಪಕ್ಕದ ಅಂಗಡಿಯ ಸರಕು, ಬೀದಿಯಲ್ಲಿ ನಿಲ್ಲಿಸಿದ ಬೈಕು ಸುಟ್ಟವರ ಕೈಗೆ ಮೊದಲನೆಯದು ಸಾಮಾನ್ಯವಾಗಿ ಬರುವುದೂ ಇಲ್ಲ.

ನಮಗೆ ಲೈಸೆನ್ಸ್ ಇತ್ತು ಎಂದು ಪಟಾಕಿ ಅಂಗಡಿಯವರು ಹೇಳುವುದುಂಟು. ಅದು ಅವರನ್ನು ಕಾಪಾಡುತ್ತದೆ ಎಂದು ಸುಟ್ಟುಹೋದವರೂ ನಂಬುತ್ತಾರೆ. ನಿಜವೆಂದರೆ ಆ ಲೈಸೆನ್ಸ್ ಪ್ರತಿಯೇ ನೆರೆಯವರಿಗೆ ಸಿಗುವ ಅತ್ಯುತ್ತಮ ಸಾಕ್ಷಿ, ಏಕೆಂದರೆ ಅದರಲ್ಲಿ ಷರತ್ತುಗಳು ಅಂಕಿಗಳಲ್ಲಿ ಇರುತ್ತವೆ. 2008ರ ಸ್ಫೋಟಕಗಳ ನಿಯಮಗಳ ಪ್ರಕಾರ ಕಾಯಂ ಪಟಾಕಿ ಅಂಗಡಿ 9 ಚದರ ಮೀಟರಿಗಿಂತ ಚಿಕ್ಕದಿರಬಾರದು, 25 ಚದರ ಮೀಟರಿಗಿಂತ ದೊಡ್ಡದಿರಬಾರದು. ಇಟ್ಟಿಗೆ, ಕಲ್ಲು ಅಥವಾ ಕಾಂಕ್ರೀಟಿನ ಕಟ್ಟಡವಾಗಿರಬೇಕು. ನೆಲಮಾಳಿಗೆಯಲ್ಲೂ ಮಹಡಿಯ ಮೇಲೂ ಇರಬಾರದು, ಮೇಲಿನ ಮಹಡಿಯಲ್ಲಿ ಜನ ವಾಸವಿರಬಾರದು. ತುರ್ತು ಬಾಗಿಲು ಬೇರೆಯೇ ಇರಬೇಕು, ಬಾಗಿಲುಗಳು ಹೊರಕ್ಕೆ ತೆರೆಯಬೇಕು. ಹಬ್ಬದ ಕಾಲದ ತಾತ್ಕಾಲಿಕ ಮಳಿಗೆಗಳಿಗೆ ಬೇರೆ ನಿಯಮ: ಬೆಂಕಿ ಹತ್ತದ ವಸ್ತುವಿನಿಂದ ಕಟ್ಟಿರಬೇಕು, ಒಂದಕ್ಕೊಂದು ಕನಿಷ್ಠ 3 ಮೀಟರ್ ಅಂತರವಿರಬೇಕು, ಮನೆ ಮುಂತಾದ ಕಟ್ಟಡಗಳಿಂದ 50 ಮೀಟರ್ ದೂರವಿರಬೇಕು, ಎದುರುಬದುರು ಮುಖ ಮಾಡಿರಬಾರದು. ಮೈದಾನದಲ್ಲಿ ಸಾಲಾಗಿ ನಿಲ್ಲುವ ತಗಡಿನ ಮಳಿಗೆಗಳ ಹಿಂದಿನ ಲೆಕ್ಕ ಇದು. ಎಷ್ಟು ಕಿಲೋ ಇಡಬಹುದೆಂಬುದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಈ ಷರತ್ತುಗಳಲ್ಲಿ ಒಂದು ಮುರಿದಿದ್ದು, ಮುರಿದದ್ದರಿಂದಲೇ ಬೆಂಕಿ ಹರಡಿತು ಎಂದು ತೋರಿಸಿದರೆ ನಿರ್ಲಕ್ಷ್ಯವೂ ಅರ್ಧಕ್ಕಿಂತ ಹೆಚ್ಚು ಸಾಬೀತಾದಂತೆ.

ಇದು ನೆಲದ ಮೇಲೆ ಹೇಗೆ ನಡೆಯುತ್ತದೆ ಎಂದು ನೋಡಲು ಒಂದು ಸನ್ನಿವೇಶ ಕಲ್ಪಿಸಿಕೊಳ್ಳೋಣ. ತಾಲ್ಲೂಕು ಕೇಂದ್ರದ ಹಳೆಯ ಪೇಟೆಬೀದಿ. ಒಂದು ಫ್ಯಾನ್ಸಿ ಸ್ಟೋರ್, ಅದರ ಪಕ್ಕಕ್ಕೆ ಬಟ್ಟೆ ಅಂಗಡಿ. ನಡುವೆ ಒಂದೇ ಗೋಡೆ, ಮೇಲೆ ಎರಡಕ್ಕೂ ಒಂದೇ ತಗಡಿನ ಮಾಡು. ಗೋಡೆ ಮಾಡಿನ ತನಕ ಹೋಗಿಲ್ಲ, ಮೇಲೆ ಎರಡಡಿ ಸಂದು ಹಾಗೆಯೇ ಇದೆ. ಫ್ಯಾನ್ಸಿ ಸ್ಟೋರಿನವರು 100 ಕಿಲೋ ಪಟಾಕಿಗೆ ಲೈಸೆನ್ಸ್ ಪಡೆದು, ಅದಕ್ಕಿಂತ ಬಹಳ ಹೆಚ್ಚು ತಂದು ಹಿಂದಿನ ಕೋಣೆಯಲ್ಲೂ ಅಟ್ಟದ ಮೇಲೂ ಪೇರಿಸಿದ್ದಾರೆ. ನರಕ ಚತುರ್ದಶಿಯ ಹಿಂದಿನ ರಾತ್ರಿ ಶಟರ್ ಎಳೆದು ಹೋದ ಮೇಲೆ ಬೆಂಕಿ. ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಅಟ್ಟದ ಪಟಾಕಿ ಸಿಡಿದು, ಮಾಡಿನ ಸಂದಿನಲ್ಲಿ ಕಿಡಿ ದಾಟಿ, ಬಟ್ಟೆ ಅಂಗಡಿಯ ಸೀರೆಯ ಗಂಟುಗಳು ಉರಿಯುತ್ತಿವೆ. ವರದಿಯಲ್ಲಿ ಕಾರಣದ ಎದುರು ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಇರಬಹುದು ಎಂದು ಬರೆಯಲಾಗುತ್ತದೆ.

ಬಟ್ಟೆ ಅಂಗಡಿಯವರು ಮೊದಲು ಮಾಡಬೇಕಾದದ್ದು ಗುಡಿಸದೆ ಇರುವುದು. ಬೂದಿ ಸಾಕ್ಷಿ ಹೇಳುತ್ತದೆ. ಗೋಡೆಯ ಕಪ್ಪು ಗುರುತು ಎಲ್ಲಿ ಆಳವಾಗಿದೆ, ತಗಡು ಎಲ್ಲಿ ಹೆಚ್ಚು ಬಾಗಿದೆ ಎನ್ನುವುದರಿಂದ ಬೆಂಕಿ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂದು ತಿಳಿಯುತ್ತದೆ. ಪಟಾಕಿಯ ಕಾಗದ ಸುಟ್ಟು ಹೋದರೂ ಸುರುಸುರುಬತ್ತಿಯ ಕಬ್ಬಿಣದ ತಂತಿ ಉಳಿಯುತ್ತದೆ. ಅಟ್ಟ ಕುಸಿದ ಜಾಗದಲ್ಲಿ ಅಂಥ ತಂತಿಯ ಕಟ್ಟುಗಳು ಗುಡ್ಡೆಗುಡ್ಡೆಯಾಗಿ ಬಿದ್ದಿದ್ದರೆ, ಅಲ್ಲಿ ಏನು ಎಷ್ಟಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪೊಲೀಸರು ಮಹಜರು ಮಾಡುವಾಗ ಹಾಜರಿದ್ದು ಇವೆಲ್ಲ ದಾಖಲಾಗುವಂತೆ ನೋಡಿಕೊಳ್ಳಬೇಕು, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಮಾದರಿ ಕಳಿಸಲು ಬರೆದು ಕೇಳಬೇಕು. ಪಟಾಕಿ ಅಂಗಡಿಯ ಲೈಸೆನ್ಸ್ ಮತ್ತು ಅದರ ಜೊತೆಗಿನ ನಕ್ಷೆಯ ಪ್ರತಿಗಾಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು.

ಶಾರ್ಟ್ ಸರ್ಕ್ಯೂಟಿನ ವಿಷಯದಲ್ಲೂ ಒಂದು ಗುಟ್ಟಿದೆ. ಸುಟ್ಟ ಅಂಗಡಿಯ ತಾಮ್ರದ ತಂತಿಯಲ್ಲಿ ಕರಗಿದ ಮಣಿ ಸಿಕ್ಕರೆ ಇದೇ ಕಾರಣ ಎಂದು ಬೆರಳು ತೋರಿಸುವವರಿದ್ದಾರೆ. ಆದರೆ ಬೇರೆ ಎಲ್ಲಿಂದಲೋ ಹತ್ತಿದ ಬೆಂಕಿಯೂ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸುಟ್ಟು, ಎರಡು ತಂತಿಗಳನ್ನು ಕೂಡಿಸಿ, ಅದೇ ಮಣಿ ಮಾಡಿಬಿಡುತ್ತದೆ. ಮಣಿ ಬೆಂಕಿಯ ತಾಯಿಯೂ ಆಗಿರಬಹುದು, ಮಗುವೂ ಆಗಿರಬಹುದು. ಹಾಗಾಗಿ ವರದಿಯ ಆ ಒಂದು ಸಾಲು ಊಹೆ, ತೀರ್ಪಲ್ಲ. ಒಂದು ವೇಳೆ ಅದು ನಿಜವೇ ಆದರೂ, ಮದ್ದು ತುಂಬಿದ ಕೋಣೆಯಲ್ಲಿ ಹಾಗೆ ಶಾರ್ಟ್ ಆಗುವಂಥ ವೈರಿಂಗ್ ಇಟ್ಟವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಅಳತೆ ಮೀರಿದ ಸರಕು ಅಟ್ಟ ಏರಿದ್ದು ಕರೆಂಟಿನ ತಪ್ಪಂತೂ ಅಲ್ಲ.

ಪ್ರತಿವಾದಿಯೂ ಸುಮ್ಮನಿರುವುದಿಲ್ಲ. ನೀವೂ ಬಟ್ಟೆಯ ಗಂಟುಗಳನ್ನು ಅದೇ ಸಂದಿನ ತನಕ ಪೇರಿಸಿದ್ದಿರಿ, ಆರಿಸುವ ಸಿಲಿಂಡರ್ ಕೂಡ ಇಟ್ಟಿರಲಿಲ್ಲ ಎನ್ನುತ್ತಾರೆ. ಇದರಲ್ಲಿ ಸತ್ಯವಿದ್ದರೆ ನ್ಯಾಯಾಲಯ ಪರಿಹಾರದಲ್ಲಿ ಒಂದು ಪಾಲು ಕಡಿಯಬಹುದು. ದಾವೆಯೇ ಬಿದ್ದುಹೋಗುವುದಿಲ್ಲ. ಮಾಡು ಇಬ್ಬರಿಗೂ ಒಂದೇ ಇರುವಂತೆ ಕಟ್ಟಿ, ಒಂದು ಕಡೆ ಪಟಾಕಿ ಮಾರುವುದು ಗೊತ್ತಿದ್ದೂ ಬಾಡಿಗೆ ಎಣಿಸಿಕೊಂಡ ಕಟ್ಟಡದ ಮಾಲೀಕರನ್ನೂ ಪ್ರತಿವಾದಿಯಾಗಿ ಸೇರಿಸುವುದನ್ನು ಮರೆಯಬಾರದು. ಬಾಡಿಗೆದಾರನ ಕೈಯಲ್ಲಿ ಏನೂ ಉಳಿಯದಿದ್ದಾಗ ಕಟ್ಟಡ ಇರುತ್ತದೆ. ಆಸ್ತಿ ಮಾರಿ ಕೈತೊಳೆದುಕೊಳ್ಳುವ ಸೂಚನೆ ಕಂಡರೆ ತೀರ್ಪಿಗೂ ಮೊದಲೇ ಜಪ್ತಿ ಕೇಳಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ಡಿಕ್ರಿ ಕೈಗೆ ಬಂದು ಹಣ ಬಾರದ ಕಥೆಗಳು ನಮ್ಮ ಕೋರ್ಟು ಆವರಣಗಳಲ್ಲಿ ಬೇಕಾದಷ್ಟಿವೆ.

ಇನ್ನು ನಷ್ಟದ ಲೆಕ್ಕ. ಅಂಗಡಿಯಲ್ಲಿ ಎಷ್ಟು ಮಾಲಿತ್ತು ಎಂಬುದಕ್ಕೆ ಬಾಯಿಮಾತು ನಡೆಯದು. ಬಟ್ಟೆ ಅಂಗಡಿಯವರು ಸೆಪ್ಟೆಂಬರ್ ಕೊನೆಗೆ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಪಟ್ಟಿಯಲ್ಲಿ 22 ಲಕ್ಷ ರೂಪಾಯಿಯ ಮಾಲು ತೋರಿಸಿದ್ದಾರೆ ಎಂದಿಟ್ಟುಕೊಳ್ಳಿ. ಆಮೇಲೆ 6 ಲಕ್ಷದ ಖರೀದಿಗೆ ಬಿಲ್ಲುಗಳಿವೆ. ಮಾರಿದ ಮಾಲಿನ ಅಸಲು 8 ಲಕ್ಷ. ಬೆಂಕಿ ಬಿದ್ದ ರಾತ್ರಿ ಅಂಗಡಿಯಲ್ಲಿ ಇದ್ದದ್ದು 20 ಲಕ್ಷದ ಮಾಲು ಎಂದಾಯಿತು. ಅದರಲ್ಲಿ 4 ಲಕ್ಷದಷ್ಟು ಉಳಿದಿದ್ದರೆ ನಷ್ಟ 16 ಲಕ್ಷ. ಜಿಎಸ್‌ಟಿ ಲೆಕ್ಕಗಳು ಇದಕ್ಕೆ ತಾಳೆಯಾಗಬೇಕು. ತೆರಿಗೆ ಉಳಿಸಲು ಬಿಲ್ಲಿಲ್ಲದೆ ತಂದ ಮಾಲಿನ ಬೆಲೆ ಈಗ ಕೇಳಲು ಬಾಯಿ ಬರುವುದಿಲ್ಲ.

ಅಂಗಡಿಗೆ 15 ಲಕ್ಷದ ಬೆಂಕಿ ವಿಮೆ ಇದೆ ಎನ್ನೋಣ. 16 ಲಕ್ಷದ ನಷ್ಟಕ್ಕೆ 15 ಲಕ್ಷ ಬಂದೀತು ಎಂದು ಅವರ ನಿರೀಕ್ಷೆ. ಹಾಗಾಗುವುದಿಲ್ಲ. 20 ಲಕ್ಷದ ಮಾಲಿಗೆ 15 ಲಕ್ಷದ ವಿಮೆ ಎಂದರೆ ಮುಕ್ಕಾಲು ಪಾಲಿಗೆ ಮಾತ್ರ ವಿಮೆ. ಕೊಡುವುದೂ ನಷ್ಟದ ಮುಕ್ಕಾಲು ಪಾಲು, ಅಂದರೆ 12 ಲಕ್ಷ. ಸಣ್ಣ ವ್ಯಾಪಾರಿಗಳಿಗೆ 2021ರಿಂದ ಬಂದಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇಕಡ 15ರ ತನಕದ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ಕೊರತೆ ಶೇಕಡ 25, ಹಾಗಾಗಿ ಆ ರಿಯಾಯಿತಿ ದಕ್ಕದು. ಉಳಿದ 4 ಲಕ್ಷ, ಪೀಠೋಪಕರಣ, ಅಂಗಡಿ ಮುಚ್ಚಿದ ತಿಂಗಳುಗಳ ಆದಾಯ, ಇವನ್ನು ಪಟಾಕಿ ಅಂಗಡಿಯವರಿಂದ ಕೇಳಬೇಕು.

ವಿಮಾ ಕಂಪನಿ ಕೊಟ್ಟ 12 ಲಕ್ಷ ಪಟಾಕಿ ಅಂಗಡಿಯವರಿಗೆ ಉಳಿತಾಯವೇ? ಅದೂ ಅಲ್ಲ. ಹಣ ಕೊಟ್ಟ ಕಂಪನಿ ಆ ಮಟ್ಟಿಗೆ ಬಟ್ಟೆ ಅಂಗಡಿಯವರ ಜಾಗದಲ್ಲಿ ನಿಂತು ಹೊಣೆಗಾರರ ಮೇಲೆ ವಸೂಲಿಗೆ ಹೋಗಬಹುದು. 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ಸಾಗಣೆ ಕಂಪನಿಯ ಪ್ರಕರಣದಲ್ಲಿ ವಿಮೆಯವರ ಈ ಹಕ್ಕನ್ನು ವಿವರವಾಗಿ ಬಿಡಿಸಿ ಹೇಳಿದೆ. ಈ ಕಾರಣಕ್ಕೇ ಊರ ಹಿರಿಯರ ಮುಂದೆ ಎರಡು ಲಕ್ಷಕ್ಕೆ ರಾಜಿಯಾಗಿ, ಇನ್ನು ಏನೂ ಕೇಳುವುದಿಲ್ಲ ಎಂದು ಸಹಿ ಹಾಕುವ ಮುನ್ನ ವಿಮಾ ಕಂಪನಿಗೆ ತಿಳಿಸಬೇಕು. ಕಂಪನಿಯ ವಸೂಲಿ ದಾರಿಯನ್ನು ನೀವೇ ಮುಚ್ಚಿದಿರಿ ಎಂದು ಅವರು ನಿಮ್ಮ ಕ್ಲೇಮನ್ನೇ ತಡೆಯಬಹುದು. ಪಟಾಕಿ ಅಂಗಡಿಯವರ ಕಡೆಯಿಂದಲೂ ಒಂದು ಮಾತು: ಅವರ ಬೆಂಕಿ ವಿಮೆ ಅವರ ಸರಕಿಗೆ ಮಾತ್ರ. ನೆರೆಯವರಿಗೆ ಕೊಡಬೇಕಾದ ಹಣಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿ ಬೇರೆಯೇ ಮಾಡಿಸಬೇಕು.

ಪೊಲೀಸ್ ಕೇಸು ಇದ್ದೇ ಇರುತ್ತದೆ. ಬೆಂಕಿಯ ವಿಷಯದಲ್ಲಿ ಅಜಾಗರೂಕತೆಗೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ, ಸ್ಫೋಟಕದ ವಿಷಯದಲ್ಲಿ 288ನೇ ಕಲಂ. ಎರಡರಲ್ಲೂ ಹೆಚ್ಚೆಂದರೆ ಆರು ತಿಂಗಳ ಸಜೆ. ಆ ಕೇಸಿನಲ್ಲಿ ಆರೋಪಿ ಖುಲಾಸೆಯಾದರೆ ಸಿವಿಲ್ ದಾವೆಯೂ ಮುಗಿಯಿತೆಂದು ಜನ ಕೈಬಿಡುತ್ತಾರೆ. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು, ಸಿವಿಲ್ ಕೋರ್ಟಿನಲ್ಲಿ ಯಾವ ಕಡೆ ತೂಕ ಹೆಚ್ಚು ಎಂಬುದಷ್ಟೇ ಸಾಕು. ಕ್ರಿಮಿನಲ್ ಕೇಸು ಮುಗಿಯಲಿ ಎಂದು ಕಾಯುತ್ತಾ ಕುಳಿತವರಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ: ಆಸ್ತಿ ನಷ್ಟದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಕ್ರಿಮಿನಲ್ ವಿಚಾರಣೆ ಅದಕ್ಕಾಗಿ ನಿಂತು ಕಾಯುವುದಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ ಪಕ್ಕದ ಅಂಗಡಿಯವರು ನಮಗೆ ಸೇವೆ ಮಾರಿದವರಲ್ಲ. ಅಲ್ಲಿಗೆ ಹೋಗಬಹುದಾದದ್ದು ವಿಮಾ ಕಂಪನಿಯ ವಿರುದ್ಧ ಮಾತ್ರ.

ಗೋದಾಮಿನ ಬೆಂಕಿಗಿಂತ ಕಷ್ಟದ್ದು ಹಚ್ಚಿದ ಪಟಾಕಿಯದು. ದೀಪಾವಳಿಯ ರಾತ್ರಿ ಬಾಟಲಿಯಲ್ಲಿ ನಿಲ್ಲಿಸಿದ ರಾಕೆಟ್ಟು ವಾಲಿ ಹಾರಿ ಹಿತ್ತಲಿನ ಹುಲ್ಲಿನ ಬಣವೆಯ ಮೇಲೆ ಬೀಳುತ್ತದೆ, ವರ್ಷದ ಮೇವು ಅರ್ಧ ಗಂಟೆಯಲ್ಲಿ ಬೂದಿಯಾಗುತ್ತದೆ. ಹಚ್ಚಿದವರು ಹೊಣೆ ಎನ್ನುವುದರಲ್ಲಿ ಗೊಂದಲವಿಲ್ಲ. ಆದರೆ ಬೀದಿಯ ಹತ್ತು ಮನೆಗಳವರು ರಾಕೆಟ್ಟು ಬಿಡುತ್ತಿದ್ದಾಗ ಇದು ಯಾರದ್ದು ಎಂದು ಹೇಳುವವರು ಯಾರು? ಕಣ್ಣಾರೆ ಕಂಡವರು, ಇಲ್ಲವೇ ಎದುರಿನ ಅಂಗಡಿಯ ಸಿಸಿಟಿವಿ. ಕ್ಯಾಮೆರಾದ ದೃಶ್ಯಗಳು ಕೆಲವು ದಿನಗಳಲ್ಲಿ ತಾವಾಗಿ ಅಳಿಸಿಹೋಗುವುದರಿಂದ ಅದೇ ವಾರ ಪ್ರತಿ ತೆಗೆದುಕೊಳ್ಳಬೇಕು. ಹಚ್ಚಿದ್ದು ಮಗುವಾಗಿದ್ದರೆ, ತಂದೆತಾಯಿ ಎಂಬ ಒಂದೇ ಕಾರಣಕ್ಕೆ ಅವರ ಮೇಲೆ ಹೊಣೆ ಬರುವುದಿಲ್ಲ. ಎಂಟು ವರ್ಷದ ಹುಡುಗನ ಕೈಗೆ ರಾಕೆಟ್ಟು ಕೊಟ್ಟು ಒಳಗೆ ಹೋಗಿ ಟಿವಿ ನೋಡುತ್ತಿದ್ದರೆ ಆ ನಿರ್ಲಕ್ಷ್ಯ ಅವರದ್ದೇ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10ರ ಸಮಯ ಗೊತ್ತು ಮಾಡಿ, ಸರಪಟಾಕಿಯನ್ನು ನಿಷೇಧಿಸಿತು. ಹನ್ನೊಂದೂವರೆಗೆ ಸರಪಟಾಕಿ ಹಚ್ಚಿ ಬೆಂಕಿ ಹರಡಿಸಿದವರು ಎಚ್ಚರದಿಂದಿದ್ದೆವು ಎಂದು ವಾದಿಸುವುದು ಸುಲಭವಲ್ಲ. ಹಸಿರು ಪಟಾಕಿಯೇ ಹಚ್ಚಿದ್ದು ಎಂಬ ಸಮಜಾಯಿಷಿಯೂ ಕೇಳಿಬರುತ್ತದೆ. ಅದು ಹೊಗೆಯ ಲೆಕ್ಕದಲ್ಲಿ ಹಸಿರು, ಬಣವೆಗೆ ಎಲ್ಲ ಪಟಾಕಿಯೂ ಒಂದೇ.

ಬೆಂಕಿ ಬೀಳುವ ಮುನ್ನವೂ ಮಾಡಬಹುದಾದ ಒಂದು ಕೆಲಸವಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಪಕ್ಕದ ಮನೆಯ ಕೆಳಗಿನ ಮಳಿಗೆಯಲ್ಲಿ ಪೆಟ್ಟಿಗೆಗಟ್ಟಲೆ ಪಟಾಕಿ ಇಳಿಯುತ್ತಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅರ್ಜಿ ಕೊಡಬಹುದು. ಹಳೆಯ ಸಂಹಿತೆಯಲ್ಲಿ ಇದು 133ನೇ ಕಲಂ ಆಗಿತ್ತು. ಅಗ್ನಿ ಅನಾಹುತ ಅಥವಾ ಸ್ಫೋಟಕ್ಕೆ ಕಾರಣವಾಗಬಹುದಾದ ವಸ್ತುವಿನ ವಿಲೇವಾರಿಯನ್ನು ತಡೆಯಲು ಅವರು ಷರತ್ತಿನ ಆದೇಶ ಹೊರಡಿಸಬಹುದು. ನಮ್ಮ ತಾಲ್ಲೂಕುಗಳಲ್ಲಿ ಈ ಅಧಿಕಾರ ತಹಶೀಲ್ದಾರರ ಬಳಿ ಇರುತ್ತದೆ. ಅರ್ಜಿಯ ಒಂದು ಪ್ರತಿಯನ್ನು ಹತ್ತಿರದ ಅಗ್ನಿಶಾಮಕ ಠಾಣೆಗೂ ಇನ್ನೊಂದನ್ನು ಲೈಸೆನ್ಸ್ ಕೊಟ್ಟ ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟು, ಮೂರಕ್ಕೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ತಹಶೀಲ್ದಾರರು ಕ್ರಮ ಕೈಗೊಂಡರೆ ಸರಿಯೇ. ಕೈಗೊಳ್ಳದೆ ನಾಳೆ ಅಲ್ಲಿ ಬೆಂಕಿ ಬಿದ್ದರೆ, ನನಗೆ ಅಪಾಯ ಗೊತ್ತಿರಲಿಲ್ಲ ಎಂದು ನೆರೆಯವರಾಗಲಿ, ನಮ್ಮ ಗಮನಕ್ಕೆ ಬಂದಿರಲಿಲ್ಲ ಎಂದು ಕಚೇರಿಯವರಾಗಲಿ ಹೇಳುವಾಗ ಆ ಮುದ್ರೆಯ ತಾರೀಖನ್ನು ಮುಂದಿಡಬಹುದು.